ಚಿನ್ನದಂಗಡಿಗೆ ಒಂದು ಹಾಳೆ, ಹನ್ನೆರಡು ವಿಡಿಯೊ

ಆಷಾಢ ಕಾಲಿಟ್ಟಿತೆಂದರೆ ನಮ್ಮ ಊರುಗಳ ಚಿನ್ನದಂಗಡಿಗಳಲ್ಲಿ ಗಿರಾಕಿ ಕಡಿಮೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಒಳ್ಳೆಯ ಕೆಲಸಕ್ಕೆ ಶ್ರಾವಣ ಬರಲಿ ಎಂದು ಜನ ಕಾಯುತ್ತಾರೆ. ಯಜಮಾನರಿಗೆ ಕೂತು ಮಾತಾಡುವ ಪುರುಸೊತ್ತು ಸಿಗುವುದು ಆಗಲೇ. ‘ಸರ್, ನಿಮ್ಮ ಅಂಗಡಿಗೆ ರೀಲ್ಸ್ ಮಾಡಿಕೊಡ್ತೀವಿ’ ಎಂದು ಫೋನು ಹಿಡಿದ ಯುವಕ ಯುವತಿಯರು ಒಳಗೆ ಬರುವುದು ಈಗ ಸಣ್ಣ ಊರುಗಳಲ್ಲೂ ಇದೆ. ಬಹಳ ಯಜಮಾನರು ಬೇಡ ಅನ್ನುವುದಿಲ್ಲ. ‘ಏನೇನು ಮಾಡ್ತೀರಿ, ಒಂದು ಹಾಳೇಲಿ ಬರ್ಕೊಂಡು ಬನ್ನಿ, ನೋಡೋಣ’ ಅನ್ನುತ್ತಾರೆ. ಆ ಒಂದು ಹಾಳೆಯಲ್ಲಿ ಏನಿರಬೇಕು ಎಂಬುದೇ ಈ ಲೇಖನದ ವಿಷಯ. ಹಾಳೆ ಬರೆಯುವವರಿಗೂ ಅದನ್ನು ಓದಿ ದುಡ್ಡು ಕೊಡುವವರಿಗೂ ಇದು ಬೇಕು.

ಸಾಮಾನ್ಯವಾಗಿ ಬರುವ ಹಾಳೆಯಲ್ಲಿ ‘30 ದಿನ, 30 ರೀಲ್ಸ್, ಟ್ರೆಂಡಿಂಗ್ ಹಾಡು, ಮಾಡೆಲ್ ಶೂಟ್, ಲಕ್ಷಗಟ್ಟಲೆ ವ್ಯೂಸ್’ ಎಂದಿರುತ್ತದೆ. ಅಂಗಡಿಯ ಹೆಸರು ಅಳಿಸಿ ಬಟ್ಟೆ ಅಂಗಡಿಯ ಹೆಸರು ಬರೆದರೂ ಅದು ನಡೆಯುತ್ತದೆ. ದಿನಕ್ಕೊಂದು ವಿಡಿಯೊ ಎಂಬ ಮಾತು ಎರಡನೇ ವಾರಕ್ಕೇ ಕುಸಿಯುತ್ತದೆ. ಅಂಗಡಿಯಲ್ಲಿ ಒಡವೆ ಹೊರತೆಗೆದು ತೋರಿಸುವ ನೌಕರನಿಗೆ ಬೇರೆ ಕೆಲಸವಿರುತ್ತದೆ, ತೆಗೆದ ಒಡವೆಯನ್ನು ಮತ್ತೆ ತೂಕ ಹಾಕಿ ಟ್ರೇಗೆ ಸೇರಿಸಬೇಕಾಗುತ್ತದೆ, ಒಪ್ಪಿಗೆ ಕೊಡಬೇಕಾದ ಯಜಮಾನರು ಫೋನು ನೋಡಿರುವುದೇ ಇಲ್ಲ. ಹಾಗಾಗಿ ಹಾಳೆ ಬರೆಯುವ ಮುಂಚೆ ಅಂಗಡಿಯ ಲಯ ಗೊತ್ತಿರಬೇಕು.

ಮಾತು ಗಟ್ಟಿಯಾಗಲು ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಜಿಲ್ಲಾ ಕೇಂದ್ರವೊಂದರ ಪೇಟೆ ಬೀದಿಯಲ್ಲಿದೆ. ಗಲ್ಲಾದ ಮೇಲೆ ತಂದೆ, ಫೋನು ವಾಟ್ಸಾಪು ನೋಡಿಕೊಳ್ಳುವವನು ಮಗ. ಕೌಂಟರಿನಲ್ಲಿ ನಾಲ್ಕು ಜನ. ಮಹಡಿಯ ಮೇಲೆ ಅಕ್ಕಸಾಲಿ, ಜಗಲಿಯ ಮೂಲೆಯಲ್ಲಿ ಸರ ಪೋಣಿಸುವ ಪಟ್ವೇಗಾರ. ಗಿರಾಕಿಗಳೆಲ್ಲ ಸುತ್ತಲಿನ 40 ಕಿಲೋಮೀಟರಿನವರು. ಈ ಅಂಗಡಿಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಒಂದು ತಿಂಗಳಿಗೆ ಯೋಜನೆ ಕೊಡಬೇಕಾಗಿದೆ.

ಇಲ್ಲಿ ಮೊದಲು ತೆರೆಯಬೇಕಾದದ್ದು ಪಂಚಾಂಗ. ವ್ರತ ಬರುವುದು ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಅಂದರೆ ಶ್ರಾವಣ ಶುರುವಾಗಿ ಎರಡು ವಾರದ ಒಳಗೇ ಹಬ್ಬ. 2025ರ ಉದಾಹರಣೆ ತೆಗೆದುಕೊಳ್ಳಿ. ಆ ವರ್ಷ ಭೀಮನ ಅಮಾವಾಸ್ಯೆ ಜುಲೈ 24, ಶ್ರಾವಣ ಶುರುವಾದದ್ದು 25ಕ್ಕೆ, ನಾಗರ ಪಂಚಮಿ 29ಕ್ಕೆ, ವ್ರತ ಆಗಸ್ಟ್ 8ಕ್ಕೆ. ವ್ರತದಿಂದ ನಾಲ್ಕು ವಾರ ಹಿಂದೆ ಎಣಿಸಿದರೆ ಜುಲೈ 11 ಸಿಗುತ್ತದೆ. ಅಂದರೆ ‘ಹಬ್ಬದ ತಿಂಗಳು’ ಎಂದು ನಾವು ಕರೆಯುವುದರಲ್ಲಿ ಅರ್ಧ ಆಷಾಢ. ಆ ಎರಡು ವಾರ ‘ಬನ್ನಿ, ಕೊಳ್ಳಿ’ ಎಂದು ಕೂಗಿದರೆ ಕೇಳುವವರಿಲ್ಲ. ಆದರೆ ಅದೇ ಎರಡು ವಾರ ಜನ ಮನೆಯಲ್ಲಿರುವ ಒಡವೆಯನ್ನು ರಿಪೇರಿಗೆ ಕೊಡುತ್ತಾರೆ, ಕರಿಮಣಿ ಪೋಣಿಸಲು ತರುತ್ತಾರೆ, ಬೆಳ್ಳಿ ಪಾತ್ರೆ ಪಾಲಿಷ್ ಮಾಡಿಸುತ್ತಾರೆ, ಶ್ರಾವಣದಲ್ಲಿ ಏನು ತೆಗೆದುಕೊಳ್ಳಬೇಕೆಂದು ಮನೆಯೊಳಗೆ ಮಾತಾಡುತ್ತಾರೆ. ಆದ್ದರಿಂದ ಈ ಯೋಜನೆಯ ಮೊದಲರ್ಧ ಒಡವೆಯ ಆರೈಕೆ ಮತ್ತು ತಿಳಿವಳಿಕೆಗೆ, ಎರಡನೇ ಅರ್ಧ ಹಬ್ಬಕ್ಕೆ. ಉಳಿದದ್ದೆಲ್ಲ ಈ ಒಂದು ನಿರ್ಧಾರದ ಮೇಲೆ ನಿಲ್ಲುತ್ತದೆ.

ಯಜಮಾನರ ಕೈಗೆ ಕೊಡುವ ಹಾಳೆ ಹೀಗಿರಬಹುದು:

“ಯಜಮಾನರಿಗೆ ನಮಸ್ಕಾರ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳಿಗೆ ನಿಮ್ಮ ಅಂಗಡಿಗಾಗಿ 12 ಸಣ್ಣ ವಿಡಿಯೊ ಮಾಡಿಕೊಡುವ ಯೋಜನೆ ಇದು. ಒಂದೊಂದೂ 30ರಿಂದ 40 ಸೆಕೆಂಡು. ವಾರಕ್ಕೆ ಮೂರು: ಸೋಮವಾರ, ಬುಧವಾರ, ಶುಕ್ರವಾರ ಸಂಜೆ. ಹಬ್ಬದ ವಾರದಲ್ಲಿ ಮಾತ್ರ ಶುಕ್ರವಾರದ್ದನ್ನು ಹಿಂದಿನ ಭಾನುವಾರಕ್ಕೆ ತರುತ್ತೇವೆ; ಹಬ್ಬದ ದಿನ ಶುಭಾಶಯ ಬಿಟ್ಟು ಬೇರೇನೂ ಹಾಕುವುದಿಲ್ಲ.

ವಿಷಯಗಳು ಮೂರು ಬಗೆ. ಮೊದಲನೆಯದು, ನಿಮ್ಮ ಕೌಂಟರಿನಲ್ಲಿ ಗಿರಾಕಿಗಳು ದಿನಾ ಕೇಳುವ ಪ್ರಶ್ನೆಗಳಿಗೆ ನಿಮ್ಮವರೇ ಕೊಡುವ ಉತ್ತರ: ಹಾಲ್‌ಮಾರ್ಕ್ ನೋಡುವುದು ಹೇಗೆ, ಕಲ್ಲಿನ ತೂಕ ಹೇಗೆ ಕಳೆಯುತ್ತೀರಿ, ವೇಸ್ಟೇಜ್ ಅಂದರೇನು. ಎರಡನೆಯದು ಕೈಕೆಲಸ: ಕರಿಮಣಿ ಪೋಣಿಸುವುದು, ಸರದ ಕೊಂಡಿ ಬೆಸುಗೆ, ಜುಮುಕಿ ಮಾಡುವುದು. ಮೂರನೆಯದು ಹಬ್ಬ: ಕಲಶಕ್ಕೆ ಬೆಳ್ಳಿಯ ಮುಖ ಕೂರಿಸುವುದು, ಅರಿಶಿನ ಕುಂಕುಮದ ಬಟ್ಟಲು, ಅಜ್ಜಿಯ ಕಾಲದ ಅಡ್ಡಿಗೆ, ಪೂಜೆ ಮುಗಿದ ಮೇಲೆ ಬೆಳ್ಳಿ ಎತ್ತಿಡುವುದು.

ನಿಮ್ಮಿಂದ ಬೇಕಾದದ್ದು: ಆಷಾಢದಲ್ಲಿ ಎರಡು ಬೆಳಗ್ಗೆ, ಅಂಗಡಿ ತೆರೆಯುವ ಮುಂಚಿನ ತಲಾ ಮೂರು ಗಂಟೆ. ಒಡವೆ ತೆಗೆದುಕೊಡಲು, ತೂಕ ಹಾಕಿ ವಾಪಸು ಪಡೆಯಲು ನಿಮ್ಮ ಒಬ್ಬ ನೌಕರ. ವಿಡಿಯೊ ನೋಡಿ ಹೂಂ ಅಥವಾ ಬೇಡ ಎನ್ನಲು ನಿಮ್ಮ ಮನೆಯ ಒಬ್ಬರು, ಶನಿವಾರ ರಾತ್ರಿಯ ಒಳಗೆ. ಬರುವ ಪ್ರಶ್ನೆಗಳಿಗೆ ಅದೇ ದಿನ ಉತ್ತರಿಸಲು ಅಂಗಡಿಯ ಒಂದು ವಾಟ್ಸಾಪ್ ನಂಬರು.

ನಾವು ಮಾಡದಿರುವುದು: ತಿಜೋರಿ, ಸ್ಟ್ರಾಂಗ್ ರೂಮು, ಸಿಸಿಟಿವಿ ಇರುವ ಜಾಗ ತೋರಿಸುವುದಿಲ್ಲ. ಒಪ್ಪಿಗೆ ಬರೆದುಕೊಡದ ಗಿರಾಕಿಯ ಮುಖ ತೋರಿಸುವುದಿಲ್ಲ. ವಿಡಿಯೊದಲ್ಲಿ ಚಿನ್ನದ ದರ ಹಾಕುವುದಿಲ್ಲ. ಪರವಾನಗಿ ಇಲ್ಲದ ಹಾಡು ಬಳಸುವುದಿಲ್ಲ.

ತಿಂಗಳ ಕೊನೆಗೆ ಎಷ್ಟು ಜನ ನೋಡಿದರು ಎಂಬುದರ ಜೊತೆಗೆ ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ಅಂಗಡಿಗೆ ಬಂದರು ಎಂಬ ಲೆಕ್ಕ ಕೊಡುತ್ತೇವೆ. ನಮ್ಮ ಸಂಭಾವನೆ, ಮುಂಗಡ ಮತ್ತು ಜಾಹೀರಾತಿಗೆ ಬೇಕಾದರೆ ತಗಲುವ ಹಣ ಕೆಳಗೆ ಬೇರೆ ಬೇರೆಯಾಗಿ ಇದೆ.”

ಹಾಳೆ ಇಷ್ಟೇ. ಯಜಮಾನರು ಇದನ್ನು ಗಲ್ಲಾದ ಮುಂದೆ ನಿಂತೇ ಓದಿಬಿಡಬಹುದು. ಆದರೆ ಇದರ ಒಂದೊಂದು ಸಾಲಿನ ಹಿಂದೆಯೂ ಒಂದು ಕಾರಣವಿದೆ. ಅವರು ಕೇಳಿದರೆ ಹೇಳಲು ಬರಬೇಕು.

ವಾರಕ್ಕೆ ಮೂರೇ ಏಕೆ? ಎರಡು ಬೆಳಗಿನ ಆರು ಗಂಟೆಯಲ್ಲಿ ಅಚ್ಚುಕಟ್ಟಾಗಿ ತೆಗೆಯಲು ಸಾಧ್ಯವಾಗುವುದು ಹನ್ನೆರಡು ವಿಡಿಯೊದಷ್ಟು ಸರಕು. ಅದನ್ನು ನಾಲ್ಕು ವಾರಕ್ಕೆ ಹಂಚಿದರೆ ಮೂರು ಬರುತ್ತದೆ. ನೋಡುವವರಿಗೂ ಅಷ್ಟು ಸಾಕು. ಜನ ಒಡವೆ ಕೊಳ್ಳುವುದು ವರ್ಷಕ್ಕೆ ಒಂದೆರಡು ಸಲ. ಆ ಹೊತ್ತಿಗೆ ಈ ಅಂಗಡಿಯ ಹೆಸರು ನೆನಪಾದರೆ ಕೆಲಸ ಆಯಿತು. ದಿನಾ ಕಣ್ಣಿಗೆ ಬೀಳುವ ಅವಸರ ತರಕಾರಿಗೆ ಇರಬಹುದು, ಚಿನ್ನಕ್ಕಿಲ್ಲ. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರಿನಿಂದ ಮೂರು ನಿಮಿಷದವರೆಗೂ ಬಿಡುತ್ತದೆ ಎಂದು ಉದ್ದ ಎಳೆಯುವುದೂ ಬೇಡ. ಒಂದು ಪ್ರಶ್ನೆ, ಒಂದು ಉತ್ತರ, 40 ಸೆಕೆಂಡು ಧಾರಾಳ.

ಹಬ್ಬದ ಶುಕ್ರವಾರ ಏನೂ ಹಾಕದಿರುವುದನ್ನು ಕೆಲವರು ಒಪ್ಪುವುದಿಲ್ಲ. ಆದರೆ ಆ ದಿನ ನಮ್ಮ ಹೆಣ್ಣುಮಕ್ಕಳು ಬೆಳಗಿನಿಂದ ಅಡುಗೆ, ಅಲಂಕಾರ, ಪೂಜೆ, ಸಂಜೆ ಅರಿಶಿನ ಕುಂಕುಮ ಎಂದು ಓಡಾಡುತ್ತಿರುತ್ತಾರೆ. ಬೆಳ್ಳಿಯ ಮುಖ ಕೊಳ್ಳುವವರು ಗುರುವಾರದೊಳಗೆ ಕೊಂಡಾಗಿರುತ್ತದೆ. ಮಾರಾಟದ ದೃಷ್ಟಿಯಿಂದ ಕೊನೆಯ ಉಪಯುಕ್ತ ದಿನ ಬುಧವಾರ. ಮಾಡಿಸಿಕೊಳ್ಳುವ ಒಡವೆಗಾದರೆ ಇನ್ನೂ ಹಿಂದೆ. ಜುಮುಕಿಯೋ ಅಡ್ಡಿಗೆಯೋ ಆರ್ಡರ್ ಕೊಟ್ಟು ಮಾಡಿಸಲು ಅಕ್ಕಸಾಲಿ ಎಷ್ಟು ದಿನ ಕೇಳುತ್ತಾನೋ ಅಷ್ಟನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ, ಅದಕ್ಕೂ ಒಂದು ವಾರ ಮುಂಚೆ ಆ ವಿಡಿಯೊ ಹೋಗಬೇಕು. ಎರಡು ವಾರ ಬೇಕೆಂದರೆ ಜುಮುಕಿಯ ವಿಡಿಯೊ ಮೊದಲ ವಾರದಲ್ಲೇ ಹೋಗಬೇಕಾಗುತ್ತದೆ, ಆಷಾಢವಾದರೂ ಸರಿ. ಆರ್ಡರ್ ಈಗ, ಒಡವೆ ಕೈಗೆ ಬರುವುದು ಶ್ರಾವಣದಲ್ಲಿ ಎಂದು ಅದರಲ್ಲೇ ಹೇಳಿದರೆ ಮನೆಯ ಹಿರಿಯರಿಗೂ ತಕರಾರಿರುವುದಿಲ್ಲ.

ಇನ್ನು ವಿಷಯಗಳು. ಹನ್ನೆರಡರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಕಲ್ಲಿನ ತೂಕದ ವಿಡಿಯೊವನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಗಿರಾಕಿಗೆ ಹೆಚ್ಚು ಅನುಮಾನ ಇರುವುದು ಇಲ್ಲೇ.

ಮೊದಲ ಮೂರು ಸೆಕೆಂಡು: ತಕ್ಕಡಿಯ ಮೇಲೆ ಕೆಂಪು ಕಲ್ಲಿನ ಸರ, ಪರದೆಯ ಮೇಲೆ 24.000 ಎಂಬ ಅಂಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಇದರಲ್ಲಿ ಚಿನ್ನ ಎಷ್ಟು?’ ಅಂಗಡಿಯ ಬೋರ್ಡು, ನಮಸ್ಕಾರ, ಸ್ವಾಗತ ಯಾವುದೂ ಮುಂಚೆ ಬರುವುದಿಲ್ಲ. ಯಜಮಾನರು ಬೋರ್ಡು ಮೊದಲು ಬರಲಿ ಎನ್ನುವುದು ಸಹಜ. ಆದರೆ ಬೋರ್ಡು ನೋಡಿದ ಬೆರಳು ಮುಂದಿನ ವಿಡಿಯೊಕ್ಕೆ ಜಾರಿಬಿಡುತ್ತದೆ, ಅದನ್ನು ಕೊನೆಗೆ ಇಡೋಣ ಎಂದು ಒಪ್ಪಿಸಬೇಕು. ಆಮೇಲೆ ಹತ್ತು ಸೆಕೆಂಡು ಕೌಂಟರಿನ ಹಿರಿಯ ನೌಕರ ಒಡವೆಯ ಚೀಟಿ ತೋರಿಸುತ್ತಾ ಹೇಳುತ್ತಾನೆ: ‘ಒಟ್ಟು ತೂಕ 24 ಗ್ರಾಂ. ಕಲ್ಲು 3 ಗ್ರಾಂ. ನಾವು ಚಿನ್ನದ ದರ ಹಾಕೋದು 21 ಗ್ರಾಮಿಗೆ. ಕಲ್ಲಿಗೆ ಬೇರೆ ಬೆಲೆ.’ ಅವನ ಬೆರಳು ಚೀಟಿಯ ಮೇಲಿನ ನೆಟ್ ತೂಕದ ಮೇಲೆ ನಿಲ್ಲಬೇಕು, ಕ್ಯಾಮೆರಾ ಅಷ್ಟು ಹತ್ತಿರ ಹೋಗಬೇಕು. ನಂತರ ಬಿಲ್ಲಿನಲ್ಲಿ ಅದೇ 21 ಬರೆದಿರುವುದನ್ನು ತೋರಿಸಬೇಕು. ಕೊನೆಗೆ ‘ಎಲ್ಲಿ ಕೊಂಡರೂ ಬಿಲ್ಲಿನಲ್ಲಿ ನೆಟ್ ತೂಕ ಕೇಳಿ’ ಎಂಬ ಒಂದು ಮಾತು, ಆಮೇಲೆ ಅಂಗಡಿಯ ಹೆಸರು.

ಈ ಮೂರು ಗ್ರಾಮಿನ ಬೆಲೆ ಎಷ್ಟೆಂದು ಓದುಗರು ಲೆಕ್ಕ ಹಾಕಿಕೊಳ್ಳಬಹುದು. ಸುಲಭಕ್ಕೆ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ, ವೇಸ್ಟೇಜ್ ಶೇ. 10. ನೆಟ್ ತೂಕಕ್ಕೆ ಹಾಕಿದರೆ ಚಿನ್ನ 2,10,000, ವೇಸ್ಟೇಜ್ 21,000, ಕೂಡಿ 2,31,000. ಒಟ್ಟು ತೂಕಕ್ಕೆ ಹಾಕಿಬಿಟ್ಟರೆ 2,40,000 ಮತ್ತು 24,000, ಕೂಡಿ 2,64,000. ವ್ಯತ್ಯಾಸ 33,000. ಅದರ ಮೇಲೆ ಶೇ. 3ರ ಜಿಎಸ್‌ಟಿ ಬೇರೆ. ಕಲ್ಲಿಗೆ ಪ್ರತ್ಯೇಕ ಬೆಲೆ ಎಷ್ಟೇ ಇರಲಿ, ಕಲ್ಲನ್ನು ಚಿನ್ನದ ದರದಲ್ಲಿ ಕೊಳ್ಳುವುದು ಯಾರಿಗೂ ಬೇಡ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಒಡವೆಯ ವಿವರ, ಲೋಹದ ನೆಟ್ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇವೆಲ್ಲ ಬೇರೆ ಬೇರೆಯಾಗಿ ಕಾಣಬೇಕೆಂಬುದು ನಿಯಮ. ನಿಯಮದಂತೆ ನಡೆಯುವ ಅಂಗಡಿಗೆ ಇದನ್ನು ಕ್ಯಾಮೆರಾ ಮುಂದೆ ತೋರಿಸುವುದರಷ್ಟು ಒಳ್ಳೆಯ ಜಾಹೀರಾತು ಇನ್ನೊಂದಿಲ್ಲ. ಹಾಗೆ ನಡೆಯದ ಅಂಗಡಿ ಈ ವಿಡಿಯೊ ಬೇಡ ಅನ್ನುತ್ತದೆ. ಯಜಮಾನರು ಈ ಸಾಲನ್ನು ಓದಿ ಮುಖ ಗಂಟಿಕ್ಕಿದರೆ ಕೆಲಸ ಒಪ್ಪಿಕೊಳ್ಳುವ ಮುಂಚೆ ಯೋಚಿಸುವುದು ಒಳ್ಳೆಯದು.

ಹಾಲ್‌ಮಾರ್ಕ್ ವಿಡಿಯೊದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಂಕಿ ಅಕ್ಷರಗಳ ಎಚ್‌ಯುಐಡಿ ಇರುವ ಒಡವೆಯನ್ನೇ ಮಾರಬೇಕು. ಒಡವೆಯ ಮೇಲೆ ಮೂರು ಗುರುತು ಇರುತ್ತವೆ: ಬಿಐಎಸ್ ಚಿಹ್ನೆ, ಶುದ್ಧತೆ (22 ಕ್ಯಾರೆಟ್ಟಿಗೆ 916), ಮತ್ತು ಆ ಆರು ಅಕ್ಷರ. BIS Care ಆ್ಯಪ್ ತೆರೆದು Verify HUID ಒತ್ತಿ ಆ ಆರು ಅಕ್ಷರ ಹಾಕಿದರೆ ಯಾವ ಅಂಗಡಿಯ ನೋಂದಣಿ, ಯಾವ ಪರೀಕ್ಷಾ ಕೇಂದ್ರ, ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂದು ಬರುತ್ತದೆ. ಬಳೆಯೆಂದು ಬಂದು ಕೈಯಲ್ಲಿ ಉಂಗುರ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ವಿಡಿಯೊಕ್ಕೆ ಇದು ಹೇಳಿ ಮಾಡಿಸಿದ ವಿಷಯ. ಆದರೆ ಎರಡು ಕಡೆ ಕಾಲು ಜಾರುತ್ತದೆ. ಒಂದು, ಆರೂ ಅಕ್ಷರ ಓದುವಂತೆ ತೋರಿಸಿಬಿಡುವುದು. ಬೇರೊಬ್ಬರು ಅದನ್ನೇ ನಕಲಿ ಒಡವೆಗೆ ಒತ್ತಲು ದಾರಿಯಾದೀತು, ಕೊನೆಯ ಎರಡನ್ನು ಮಸುಕು ಮಾಡಬೇಕು. ಇನ್ನೊಂದು, ಉತ್ಸಾಹದಲ್ಲಿ ‘ಪ್ರತಿಯೊಂದು ಒಡವೆಗೂ ಇರಲೇಬೇಕು’ ಎಂದುಬಿಡುವುದು. ಎರಡು ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ, ಕುಂದಣದ ಒಡವೆಗೆ ವಿನಾಯಿತಿ ಇದೆ. ಮೂಗುಬೊಟ್ಟು ಕೊಳ್ಳಲು ಬಂದವರು ‘ನಿಮ್ಮ ವಿಡಿಯೊದಲ್ಲೇ ಹೇಳಿದ್ದೀರಲ್ಲ’ ಎಂದು ನಿಲ್ಲುತ್ತಾರೆ. ಅಜ್ಜಿಯ ಒಡವೆಗೆ ಗುರುತಿಲ್ಲ ಎಂದು ಹೆದರಬೇಕಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ ಎಂಬುದನ್ನೂ ಅದರಲ್ಲೇ ಹೇಳಿದರೆ ಹತ್ತಾರು ಫೋನು ತಪ್ಪುತ್ತವೆ.

ಕೈಕೆಲಸದ ವಿಡಿಯೊಗಳಲ್ಲಿ ಮಾತೇ ಬೇಡ. ಪಟ್ವೇಗಾರ ಕಾಲಬೆರಳಿಗೆ ದಾರ ಸುತ್ತಿ ಎಳೆದುಕೊಂಡು, ಕರಿಮಣಿ ಒಂದೊಂದಾಗಿ ಏರಿಸಿ, ನಡುವೆ ಗುಂಡು ಕೂರಿಸಿ ಗಂಟು ಬಿಗಿಯುವುದನ್ನು ಜನ ಸುಮ್ಮನೆ ಕೂತು ನೋಡುತ್ತಾರೆ. ಬೆಸುಗೆಯ ಸದ್ದು, ಸುತ್ತಿಗೆಯ ಸಣ್ಣ ಟಕಟಕ ಹಾಗೇ ಇರಲಿ. ಪೂಜೆಯ ನಂತರದ ವಿಡಿಯೊಕ್ಕೆ ಮಾತ್ರ ಎರಡು ಮಾತು ಬೇಕು: ಬೆಳ್ಳಿಯನ್ನು ಟೂತ್‌ಪೇಸ್ಟಿನಿಂದ ಉಜ್ಜಿದರೆ ಗೀರು ಬೀಳುತ್ತದೆ, ಮೆದು ಸೋಪಿನ ನೀರು ಮತ್ತು ಮೃದುವಾದ ಬ್ರಷ್ಷು ಸಾಕು, ಎತ್ತಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬಾರದು, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಇಂಥ ವಿಡಿಯೊವನ್ನು ಹೆಂಗಸರು ಉಳಿಸಿಟ್ಟುಕೊಂಡು ಅಕ್ಕತಂಗಿಯರಿಗೆ ಕಳಿಸುತ್ತಾರೆ. ಹಬ್ಬ ಮುಗಿದ ಮೇಲೂ ಅದು ಓಡಾಡುತ್ತಿರುತ್ತದೆ.

ಚಿತ್ರೀಕರಣಕ್ಕೆ ಬೆಳಗಿನ ಹೊತ್ತನ್ನೇ ಕೇಳುವುದಕ್ಕೂ ಕಾರಣ ಇದೆ. ಗಿರಾಕಿ ಇರುವುದಿಲ್ಲ ಎಂಬುದು ಒಂದು. ಬೆಳಕು ಇನ್ನೊಂದು. ಚಿನ್ನದಂಗಡಿಯಲ್ಲಿ ಷೋಕೇಸಿನ ಹಳದಿ ದೀಪ, ಮೇಲಿನ ಬಿಳಿ ದೀಪ, ಬಾಗಿಲಿನ ಹಗಲು ಬೆಳಕು ಮೂರೂ ಒಟ್ಟಿಗೆ ಬೀಳುತ್ತವೆ. ಫೋನಿನ ಕ್ಯಾಮೆರಾ ಯಾವುದನ್ನು ಬಿಳಿ ಎಂದು ತಿಳಿಯಬೇಕೆಂದು ತೊಳಲಾಡಿ, ಒಂದೇ ಸರ ಒಮ್ಮೆ ತಾಮ್ರದಂತೆ, ಒಮ್ಮೆ ಹಸಿರು ಬಡಿದಂತೆ ಕಾಣುತ್ತದೆ. ಅಂಗಡಿಗೆ ಬಂದವರು ‘ವಿಡಿಯೊದಲ್ಲಿ ಬೇರೆ ಬಣ್ಣ ಇತ್ತಲ್ಲ’ ಅನ್ನುವುದು ಇದರಿಂದಲೇ. ಚಿತ್ರೀಕರಣದ ಜಾಗದ ಮೇಲೆ ಒಂದೇ ಬಗೆಯ ದೀಪ ಉಳಿಸಿ ಉಳಿದದ್ದನ್ನು ಆರಿಸಬೇಕು, ಬಣ್ಣವನ್ನೂ ಬೆಳಕಿನ ಮಟ್ಟವನ್ನೂ ಫೋನಿನಲ್ಲಿ ಲಾಕ್ ಮಾಡಬೇಕು. ಪಟ್ಟೆಪಟ್ಟೆಯಾಗಿ ಬೆಳಕು ಓಡುವಂತೆ ಕಂಡರೆ ಅದು ಕರೆಂಟಿನ ತೊಂದರೆ: ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಜ್, ಹಾಗಾಗಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಚಿನ್ನ ಕನ್ನಡಿಯಂತೆ ಹೊಳೆಯುವುದರಿಂದ ಡಾಬಿನ ಮೇಲೆ ತೆಗೆಯುವವರ ಮುಖ, ಫೋನು ಎಲ್ಲ ಮೂಡುತ್ತದೆ. ದೀಪಕ್ಕೂ ಒಡವೆಗೂ ನಡುವೆ ಬಿಳಿ ಬಟ್ಟೆ ಹಿಡಿದು, ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿಟ್ಟರೆ ಸರಿಹೋಗುತ್ತದೆ. ಕಲ್ಲಿನ ಒಡವೆಗೆ ಮಾತ್ರ ಬಟ್ಟೆ ತೆಗೆದು, ಒಂದು ಸಣ್ಣ ಟಾರ್ಚನ್ನು ಮೆಲ್ಲಗೆ ಆಡಿಸಬೇಕು, ಆಗಲೇ ಕಲ್ಲು ಮಿನುಗುವುದು. ಬೆರಳಿನ ಗುರುತು ಒರೆಸುವ ಮೆತ್ತನೆಯ ಬಟ್ಟೆ ಕೈಯಲ್ಲೇ ಇರಬೇಕು.

ಪರದೆಯ ಮೇಲೆ ಬರೆಯುವ ಕನ್ನಡದ ಸಾಲುಗಳು ಮಧ್ಯದಲ್ಲಿರಲಿ. ತಳಕ್ಕೆ ಹಾಕಿದರೆ ಖಾತೆಯ ಹೆಸರು, ವಿವರ ಅದರ ಮೇಲೆ ಕೂತು ಮುಚ್ಚಿಬಿಡುತ್ತವೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಸದ್ದಿಲ್ಲದೆ ನೋಡುವವರಿಗೆ ಆ ಸಾಲುಗಳೇ ಆಧಾರ.

ಮಾಡದಿರುವ ಕೆಲಸಗಳ ಪಟ್ಟಿಯನ್ನು ಹಾಳೆಯಲ್ಲಿ ಬರೆಯುವುದು ಬಹಳ ಮುಖ್ಯ ಎಂದು ನನಗನ್ನಿಸುತ್ತದೆ. ಚಿನ್ನದ ವ್ಯಾಪಾರಿ ಸ್ವಭಾವತಃ ಎಚ್ಚರದ ಮನುಷ್ಯ. ಎಲ್ಲಿ ಇಡುತ್ತೇನೆ, ಎಷ್ಟು ಇಡುತ್ತೇನೆ ಎಂಬುದು ಊರಿಗೆಲ್ಲ ಗೊತ್ತಾಗಬಾರದು ಎಂಬ ಅಂಜಿಕೆ ಅವರಿಗೆ ಇದ್ದೇ ಇದೆ. ‘ಅಂಗಡಿ ಟೂರ್’ ಎಂಬ ವಿಡಿಯೊ ಅವರ ಪಾಲಿಗೆ ಕಳ್ಳನಿಗೆ ಕೊಟ್ಟ ನಕ್ಷೆ. ಆ ಅಂಜಿಕೆಯನ್ನು ಅವರು ಬಾಯಿಬಿಟ್ಟು ಹೇಳುವ ಮೊದಲೇ ಹಾಳೆಯಲ್ಲಿ ಉತ್ತರ ಇದ್ದರೆ ಅರ್ಧ ನಂಬಿಕೆ ಬಂದಂತೆ.

ದರದ ವಿಷಯವೂ ಹಾಗೇ. ಚಿನ್ನದ ದರ ದಿನಾ ಬದಲಾಗುತ್ತದೆ, ವಿಡಿಯೊ ವರ್ಷಗಟ್ಟಲೆ ಉಳಿಯುತ್ತದೆ. ಜುಲೈ ತಿಂಗಳ ದರ ನೋಡಿಕೊಂಡು ನವೆಂಬರಿನಲ್ಲಿ ಬಂದವರೊಡನೆ ಜಗಳ ಖಚಿತ. ಆದ್ದರಿಂದ ದರ ಹೋಗಬೇಕಾದದ್ದು 24 ಗಂಟೆಯಲ್ಲಿ ತಾನೇ ಅಳಿಯುವ ವಾಟ್ಸಾಪ್ ಸ್ಟೇಟಸ್ಸಿಗೆ, ಇನ್‌ಸ್ಟಾಗ್ರಾಂ ಸ್ಟೋರಿಗೆ, ಬೆಳಗ್ಗೆ ಅಂಗಡಿ ತೆರೆದಾಗ. ಇದನ್ನು ಅಂಗಡಿಯ ಮಗನೇ ಒಂದು ನಿಮಿಷದಲ್ಲಿ ಹಾಕಬಹುದು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ವಿಡಿಯೊದಲ್ಲಿ ತೂಕ ಹೇಳಿದರೆ ಸಾಕು. ‘8 ಗ್ರಾಮಿನ ಜುಮುಕಿ’ ಎಂದರೆ ಕೊಳ್ಳುವವರು ಆ ದಿನದ ದರಕ್ಕೆ ತಾವೇ ಗುಣಿಸಿಕೊಳ್ಳುತ್ತಾರೆ.

ಹಾಡಿನ ಬಗ್ಗೆ ಹುಡುಗರು ಹೆಚ್ಚು ಎಡವುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಎಲ್ಲರೂ ಬಳಸುವ ಸಿನಿಮಾ ಹಾಡು ನಮಗೂ ಸಿಗುತ್ತದೆಂದು ಹಾಕಿಬಿಡುತ್ತಾರೆ. ಅಲ್ಲಿನ ಜನಪ್ರಿಯ ಹಾಡುಗಳ ಪರವಾನಗಿ ಇರುವುದು ವೈಯಕ್ತಿಕ ಬಳಕೆಗೆ. ವ್ಯಾಪಾರಕ್ಕೆ ಬಳಸಿದರೆ ದನಿ ಅಡಗಿಸುತ್ತಾರೆ, ವಿಡಿಯೊ ತೆಗೆಯುತ್ತಾರೆ, ಹಾಡಿನ ಹಕ್ಕುದಾರರಿಂದ ನೋಟಿಸೂ ಬರಬಹುದು. ನೋಟಿಸು ಬರುವುದು ಅಂಗಡಿಯ ಹೆಸರಿಗೆ. ವ್ಯಾಪಾರಕ್ಕೆ ಬಿಟ್ಟಿರುವ ಸಂಗೀತ ಬಳಸಿ, ಇಲ್ಲವೇ ಊರಿನ ನಾದಸ್ವರದವರಿಗೆ ದುಡ್ಡು ಕೊಟ್ಟು, ಬರಹದಲ್ಲಿ ಒಪ್ಪಿಗೆ ಪಡೆದು ಒಂದು ನಿಮಿಷ ನುಡಿಸಿ ಮುದ್ರಿಸಿಕೊಳ್ಳಿ. ಎರಡನೆಯದು ಹಬ್ಬಕ್ಕೆ ಹೆಚ್ಚು ಒಪ್ಪುತ್ತದೆ.

‘ವೇಸ್ಟೇಜ್ ಸೊನ್ನೆ’ ಎಂಬಂಥ ಘೋಷಣೆಯನ್ನು ಯಜಮಾನರೇ ಕೇಳಿದರೂ ಹಾಕುವ ಮುಂಚೆ ಬಿಲ್ಲು ನೋಡಬೇಕು. ವೇಸ್ಟೇಜ್ ಬಿಟ್ಟು ಅದೇ ಹಣವನ್ನು ಮೇಕಿಂಗ್ ಚಾರ್ಜಿಗೆ ಸೇರಿಸಿದ್ದರೆ ಅದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2022ರ ಮಾರ್ಗಸೂಚಿಗಳ ಅಡಿ ಅದಕ್ಕೆ ದಂಡ ಇದೆ. ಒಡವೆಯನ್ನೋ ಹಣವನ್ನೋ ಪಡೆದು ಹೊಗಳುವ ಇನ್‌ಸ್ಟಾಗ್ರಾಂ ತಾರೆಯೂ ಅದನ್ನು ವಿಡಿಯೊದಲ್ಲೇ ತಿಳಿಸಬೇಕು.

ತಿಂಗಳ ಕೊನೆಯ ಲೆಕ್ಕಕ್ಕೆ ಬರೋಣ. ಒಂದು ಲಕ್ಷ ಜನ ನೋಡಿದರು ಎಂದಾಗ ಯಜಮಾನರು ಕೇಳಬೇಕಾದ ಪ್ರಶ್ನೆ: ಯಾವ ಊರಿನವರು? ಖಾತೆಯ ಇನ್‌ಸೈಟ್ಸ್‌ನಲ್ಲಿ ಊರುಗಳ ಹೆಸರು ಬರುತ್ತದೆ. 40 ಕಿಲೋಮೀಟರಿನ ಅಂಗಡಿಗೆ ಲಖನೌದ ನೋಟದಿಂದ ಏನೂ ಆಗುವುದಿಲ್ಲ. ಮೂರು ಸಾವಿರ ಜನ ನೋಡಿ, ಅವರಲ್ಲಿ ಹೆಚ್ಚಿನವರು ಇದೇ ಜಿಲ್ಲೆಯವರಾಗಿದ್ದರೆ ಅದು ಒಳ್ಳೆಯ ವಿಡಿಯೊ. ಇದಕ್ಕಿಂತ ಗಟ್ಟಿಯಾದ ಲೆಕ್ಕ ಗಲ್ಲಾದ ಪಕ್ಕ ಇಡುವ ನೋಟುಬುಕ್ಕಿನದು. ಬಂದವರನ್ನು ‘ಏನು ನೋಡಿ ಬಂದ್ರಿ ಅಮ್ಮಾ?’ ಎಂದು ಕೇಳಿ ಒಂದು ಗೆರೆ ಹಾಕುವುದು. ಕಲ್ಲಿನ ತೂಕದ ವಿಡಿಯೊ ಎಂದರೆ ಆ ಸಾಲಿಗೆ, ಮುಖದ ವಿಡಿಯೊ ಎಂದರೆ ಈ ಸಾಲಿಗೆ. ವಾಟ್ಸಾಪಿಗೆ ಬಂದ ಪ್ರಶ್ನೆಗಳನ್ನೂ ಹೀಗೇ ವಿಂಗಡಿಸಬೇಕು. ಎರಡನೇ ವಾರದ ಶನಿವಾರ ಈ ಪುಸ್ತಕ ನೋಡಿದರೆ ಹಬ್ಬದ ವಾರಕ್ಕೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ಗೊತ್ತಾಗುತ್ತದೆ. ಪ್ರಶ್ನೆಗಳು ಬಂದು ಉತ್ತರ ಹೋಗದೆ ಉಳಿದಿದ್ದರೆ ವಿಡಿಯೊದ ತಪ್ಪಲ್ಲ. ಆ ನಂಬರು ಯಾರ ಕೈಯಲ್ಲಿದೆ ಎಂದು ವಿಚಾರಿಸಬೇಕು.

ದುಡ್ಡಿನ ಭಾಗ ಮೂರು ಸಾಲಿನಲ್ಲಿ ಮುಗಿಯಲಿ: ಹನ್ನೆರಡು ವಿಡಿಯೊಕ್ಕೆ ಇಷ್ಟು, ಅರ್ಧ ಮುಂಗಡ, ಒಂದೊಂದಕ್ಕೆ ಎರಡು ಸಲದವರೆಗೆ ತಿದ್ದುಪಡಿ. ದುಡ್ಡು ಕೊಟ್ಟು ವಿಡಿಯೊ ಹೆಚ್ಚು ಜನರಿಗೆ ತಲುಪಿಸುವ ಖರ್ಚು ಅಂಗಡಿಯ ಕಾರ್ಡಿನಿಂದಲೇ ನೇರವಾಗಿ ಹೋಗಲಿ. ಖಾತೆಯ ಪಾಸ್‌ವರ್ಡು ಅಂಗಡಿಯವರದೇ ಆಗಿರಲಿ. ‘ಮೊದಲು ಐದು ಫ್ರೀ ಮಾಡಿ ತೋರಿಸಿ’ ಎಂದರೆ ಹಿಂದೆ ಮಾಡಿದ ಒಂದನ್ನು ತೋರಿಸಿ, ಹೊಸದು ಬೇಡ.

ಖರ್ಚಿನ ಪಟ್ಟಿಯಲ್ಲಿ ಬಹಳ ಜನ ಮರೆಯುವ ಇನ್ನೊಂದು ಸಾಲಿದೆ. ಮಹಡಿಯ ಮೇಲಿನ ಅಕ್ಕಸಾಲಿಗೂ ಜಗಲಿಯ ಪಟ್ವೇಗಾರನಿಗೂ ಸಿಗುವುದು ಮಾಡಿದ ಕೆಲಸದ ಲೆಕ್ಕದ ಕೂಲಿ. ಕ್ಯಾಮೆರಾಕ್ಕಾಗಿ ಅವರು ನಿಲ್ಲಿಸಿ, ಮತ್ತೆ ಮಾಡಿ ತೋರಿಸಿದ ಗಂಟೆಗಳು ಅವರ ಸಂಪಾದನೆಯಿಂದಲೇ ಹೋಗುತ್ತವೆ. ಹಾಳೆ ಬರೆಯುವವರು ಅವರಿಗೊಂದು ದಿನದ ಕೂಲಿಯನ್ನು ಪಟ್ಟಿಗೆ ಸೇರಿಸಿ. ಯಜಮಾನರು ಅದನ್ನು ಹೊಡೆದುಹಾಕಬೇಡಿ. ಅವರು ಒಪ್ಪಿದರೆ ವಿಡಿಯೊದಲ್ಲಿ ಅವರ ಹೆಸರನ್ನೂ ಹಾಕಿ.